ಶಾಲಾ ವ್ಯಾನ್: ಹತ್ತುವ ಕ್ರಮ ಮತ್ತು ಸಮಯ

ಪೋಷಕರ ಗಮನಕ್ಕೆ: ಶಾಲೆಯ ಗಂಟೆ 8:30ಕ್ಕೆ ಆಗುವುದರಿಂದ, ವ್ಯಾನ್ 8:20ಕ್ಕೆ ಶಾಲೆ ತಲುಪುವಂತೆ ಹಿಂದಿನಿಂದ ಲೆಕ್ಕ ಹಾಕಿ ಸಮಯ ನಿಗದಿಪಡಿಸಲಾಗಿದೆ. ಕೊನೆಯ ನಿಲುಗಡೆಯಿಂದ ಶಾಲೆಗೆ 15 ನಿಮಿಷ ಬೇಕು. ಒಂದು ನಿಲುಗಡೆಯಿಂದ ಇನ್ನೊಂದಕ್ಕೆ 8 ನಿಮಿಷದ ದಾರಿ, ಮಕ್ಕಳು ಹತ್ತಲು 2 ನಿಮಿಷ ಎಂದು ಹಿಡಿದರೆ, ಮೂರು ನಿಲುಗಡೆಗಳಿಂದ ವ್ಯಾನ್ ಕ್ರಮವಾಗಿ 7:45, 7:55 ಮತ್ತು 8:05ಕ್ಕೆ ಹೊರಡುತ್ತದೆ. ಇವು ಹೊರಡುವ ಸಮಯಗಳೇ ಹೊರತು ಬರುವ ಸಮಯಗಳಲ್ಲವಾದ್ದರಿಂದ, ಮಗು ಚೀಲ ಹೆಗಲಿಗೇರಿಸಿಕೊಂಡು ಸ್ವಲ್ಪ ಮೊದಲೇ ನಿಲುಗಡೆಯಲ್ಲಿ ನಿಂತಿರಬೇಕು.

ಬೆಳಿಗ್ಗೆ ಮೊದಲು ಹತ್ತುವ ಮಗು 35 ನಿಮಿಷ ಕೂರಬೇಕಾಗುತ್ತದೆ. ಸಂಜೆ ಅದೇ ದಾರಿಯಲ್ಲಿ ಹಿಂದಿರುಗಿದರೆ ಆ ಮಗುವೇ ಕೊನೆಗೆ ಇಳಿಯುವುದರಿಂದ, ಸಂಜೆಯೂ ಬೆಳಗಿನ ಕ್ರಮದಲ್ಲಿಯೇ ಇಳಿಸುವುದು ನ್ಯಾಯವೆಂದು ನನ್ನ ಅಭಿಪ್ರಾಯ. ಮಗು ಬಾರದ ದಿನ 7:30ರೊಳಗೆ ಚಾಲಕರಿಗೆ ಕರೆ ಮಾಡಿ ತಿಳಿಸಿ. ಗಾಡಿ ಓಡಿಸುವಾಗ ಅವರು ಗುಂಪಿನ ಸಂದೇಶ ನೋಡುವುದಿಲ್ಲ, ನೋಡಲೂಬಾರದು.