ವಿದೇಶಿ ಉದ್ಯೋಗದ ಜಾಹೀರಾತಿಗೆ ನೋಂದಣಿ ಸಂಖ್ಯೆ ಕಡ್ಡಾಯವಾಗಲಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ವರ್ಗೀಕೃತ ಜಾಹೀರಾತುಗಳ ಪುಟದಲ್ಲಿ ‘ಗಲ್ಫ್‌ನಲ್ಲಿ ಚಾಲಕರು ಬೇಕಾಗಿದ್ದಾರೆ, ವೀಸಾ ಸಿದ್ಧ, ಕೂಡಲೇ ಪ್ರಯಾಣ’ ಎಂಬಂಥ ಮೂರು ಸಾಲುಗಳು ಒಂದು ಮೊಬೈಲ್ ಸಂಖ್ಯೆಯೊಂದಿಗೆ ಆಗಾಗ ಪ್ರಕಟವಾಗುತ್ತವೆ. ಇಂಥದೇ ಒಂದು ಜಾಹೀರಾತನ್ನು ನಂಬಿ ನನ್ನ ಅಕ್ಕನ ಮಗ 95,400 ರೂಪಾಯಿ ಕಳೆದುಕೊಂಡಿದ್ದಾನೆ. ಅವನಿಗಾದ ಮೋಸದ ಬಗೆಯನ್ನು ವಿವರವಾಗಿ ತಿಳಿಸಿದರೆ ಬೇರೆಯವರಾದರೂ ಹಣ ಕೊಡುವ ಮುನ್ನ ಎಚ್ಚರ ವಹಿಸಬಹುದೆಂದು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ದೇಶದಲ್ಲಿ ವಿದೇಶಿ ಕೆಲಸಕ್ಕೆ ಜನರನ್ನು ನೇಮಿಸಿಕೊಡುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ಕೇಂದ್ರದ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿಕೊಂಡಿರಬೇಕು. ನೋಂದಾಯಿತ ಏಜೆಂಟರೂ ಉದ್ಯೋಗಾಕಾಂಕ್ಷಿಯಿಂದ 30,000 ರೂಪಾಯಿ ಮತ್ತು ಅದರ ಮೇಲಿನ ಶೇ 18ರ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ. ಪಡೆದದ್ದಕ್ಕೆ ರಸೀದಿ ಕೊಡಲೇಬೇಕು. ಅಂದರೆ ಗರಿಷ್ಠ ಮೊತ್ತ 35,400 ರೂಪಾಯಿ. ನಮ್ಮ ಹುಡುಗನಿಗೆ ಕೊಟ್ಟ ರಸೀದಿಯಲ್ಲಿದ್ದದ್ದೂ ಸರಿಯಾಗಿ ಅಷ್ಟೇ! ಏಜೆನ್ಸಿಯ ಹೆಸರು, ನೋಂದಣಿ ಸಂಖ್ಯೆ, ನೀಲಿ ಮೊಹರು ಎಲ್ಲವೂ ಅದರಲ್ಲಿದ್ದವು. ಸರ್ಕಾರ ಹೇಳಿದ ಮೊತ್ತವನ್ನೇ ಪಡೆದಿದ್ದಾರೆ ಎಂಬ ಕಾರಣಕ್ಕೇ ನಮ್ಮ ಮನೆಯವರಿಗೆ ನಂಬಿಕೆ ಹುಟ್ಟಿತು. ವಾರದ ನಂತರ ‘ವೀಸಾ ಸ್ಟ್ಯಾಂಪಿಂಗ್ ಮತ್ತು ಮೆಡಿಕಲ್’ ಖರ್ಚೆಂದು ಇನ್ನೂ 60,000 ರೂಪಾಯಿಯನ್ನು ನಗದಾಗಿ ಪಡೆದರು. ಅದಕ್ಕೆ ರಸೀದಿ ಕೇಳಿದಾಗ, ಅದು ರಾಯಭಾರ ಕಚೇರಿಗೆ ಕಟ್ಟುವ ಹಣ, ನಾವು ರಸೀದಿ ಕೊಡಲು ಬರುವುದಿಲ್ಲ ಎಂಬ ಉತ್ತರ ಬಂತು.

ಈ ಎರಡನೆಯ ಕಂತಿನ ಬಗ್ಗೆ ಓದುಗರು ವಿಶೇಷವಾಗಿ ಗಮನ ಹರಿಸಬೇಕು. ಕಾನೂನು ಮಿತಿ ಹಾಕಿರುವುದು ಸೇವಾ ಶುಲ್ಕಕ್ಕೆ. ಆದ್ದರಿಂದ ಮಿತಿಯನ್ನು ಮೀರುವ ಹಣವೆಲ್ಲ ವೀಸಾ, ತರಬೇತಿ, ಟಿಕೆಟ್, ದಾಖಲೆ ಪರಿಶೀಲನೆ ಎಂಬ ಬೇರೆ ಬೇರೆ ಹೆಸರುಗಳಲ್ಲಿ, ಬಹುತೇಕ ನಗದಿನಲ್ಲಿ ಕೈ ಬದಲಾಗುತ್ತದೆ. ಕೊನೆಗೆ ದೂರು ಕೊಡಲು ಹೋದವನ ಕೈಯಲ್ಲಿ ಉಳಿಯುವುದು ಕಾನೂನುಬದ್ಧ ಮೊತ್ತದ ರಸೀದಿಯೊಂದೇ. ಹೆಚ್ಚುವರಿ ಹಣ ಪಡೆದದ್ದನ್ನು ರುಜುವಾತುಪಡಿಸುವ ಹೊಣೆ ಸಾಲ ಮಾಡಿ ಹಣ ಹೊಂದಿಸಿದ ಬಡವನ ಹೆಗಲೇರುತ್ತದೆ.

ನನಗೆ ಅನುಮಾನ ಬಂದದ್ದು ವೀಸಾದ ಪ್ರತಿಯನ್ನು ನೋಡಿದಾಗ. ಕೆಲಸದ ಪತ್ರದಲ್ಲಿ ಲಘು ವಾಹನ ಚಾಲಕ, ಎರಡು ವರ್ಷದ ಕರಾರು ಎಂದಿತ್ತು. ವೀಸಾದಲ್ಲಿ ಮಾತ್ರ ಭೇಟಿಯ ವೀಸಾ ಎಂದು ನಮೂದಾಗಿತ್ತು. ಅಲ್ಲಿಗೆ ಹೋದ ಮೇಲೆ ಬದಲಾಯಿಸಿಕೊಡುತ್ತಾರೆ ಎಂದು ಹಣ ಪಡೆದಿದ್ದ ವ್ಯಕ್ತಿ ಸಮಾಧಾನ ಹೇಳಿದ. ಇದು ತೀರಾ ಅಪಾಯದ ಮಾತು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆಗೆ ಅನುಮತಿ ಬೇಕಾದ ವರ್ಗದ್ದಾಗಿರುತ್ತದೆ. ಅಂಥವರು ಗಲ್ಫ್ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಬೇಕು. ಆ ಅನುಮತಿಯ ಹಂತದಲ್ಲಿ ಮಾಲೀಕ ಯಾರು, ಕರಾರಿನಲ್ಲಿ ಸಂಬಳವೆಷ್ಟು, ವಿಮೆ ಇದೆಯೇ ಎಂಬುದೆಲ್ಲ ಪರಿಶೀಲನೆಗೆ ಒಳಪಡುತ್ತದೆ. ಭೇಟಿಯ ವೀಸಾದಲ್ಲಿ ಕಳುಹಿಸಿದರೆ ಈ ಪರಿಶೀಲನೆಯೇ ನಡೆಯುವುದಿಲ್ಲ. ಅಲ್ಲಿ ಇಳಿದ ಮೇಲೆ ಸಂಬಳ ಕೊಡದಿದ್ದರೂ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೂ ಕಾರ್ಮಿಕನ ಹತ್ತಿರ ಆ ದೇಶಕ್ಕೆ ದುಡಿಯಲು ಬಂದವನೆಂದು ತೋರಿಸುವ ದಾಖಲೆಯೇ ಇರುವುದಿಲ್ಲ.

ಅಂದು ರಾತ್ರಿಯೇ emigrate.gov.in ತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ತೆರೆದು ರಸೀದಿಯಲ್ಲಿದ್ದ ಸಂಖ್ಯೆಯನ್ನು ಹುಡುಕಿದೆವು. ಸಂಖ್ಯೆ ನಿಜವಾದದ್ದೇ ಆಗಿತ್ತು. ಆದರೆ ಅದು ಬೇರೊಂದು ರಾಜ್ಯದ ಸಂಸ್ಥೆಯದಾಗಿತ್ತು, ವಿಳಾಸವೂ ಫೋನ್ ಸಂಖ್ಯೆಯೂ ಬೇರೆಯೇ ಆಗಿದ್ದವು. ಪಟ್ಟಿಯಲ್ಲಿದ್ದ ಸಂಖ್ಯೆಗೆ ಕರೆ ಮಾಡಿದರೆ, ತಮಗೆ ಈ ಕಡೆ ಶಾಖೆಯಾಗಲಿ ಪ್ರತಿನಿಧಿಯಾಗಲಿ ಇಲ್ಲವೆಂದು ಅವರು ತಿಳಿಸಿದರು. ಉಪ ಏಜೆಂಟರನ್ನು ಇಟ್ಟುಕೊಳ್ಳಲು ನಿಯಮದಲ್ಲಿ ಅವಕಾಶವೇ ಇಲ್ಲ. ಶಾಖೆ ತೆರೆಯುವುದಕ್ಕೂ ಪೂರ್ವಾನುಮತಿ ಬೇಕು. ಹಾಗಾಗಿ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಿದರೆ ಸಾಲದು. ಹಣ ಕೇಳುತ್ತಿರುವವನ ವಿಳಾಸ, ಫೋನ್ ಮತ್ತು ಹಣ ಹಾಕಬೇಕಾದ ಬ್ಯಾಂಕ್ ಖಾತೆಯ ಹೆಸರು ಆ ಸಂಸ್ಥೆಯದೇ ಎಂಬುದನ್ನೂ ನೋಡಬೇಕು. ನಮ್ಮವನು ಮೊದಲ ಕಂತನ್ನು ಯುಪಿಐ ಮೂಲಕ ಕಳುಹಿಸಿದಾಗ ಪರದೆಯ ಮೇಲೆ ಕಾಣಿಸಿದ್ದು ಒಬ್ಬ ವ್ಯಕ್ತಿಯ ಹೆಸರು, ಏಜೆನ್ಸಿಯದಲ್ಲ. ಅದನ್ನು ಅವನು ನೋಡಿದ್ದ, ಆದರೆ ಕೇಳಲು ಸಂಕೋಚಪಟ್ಟಿದ್ದ.

ಪೊಲೀಸ್ ಠಾಣೆಯಲ್ಲಿ ಮೊದಲ ದಿನ ನಮಗೆ ಸಿಕ್ಕ ಉತ್ತರ, ಇಂಥ ಪ್ರಕರಣಕ್ಕೆ ಕೇಂದ್ರ ಸರ್ಕಾರದ ಅನುಮತಿ ಬೇಕು ಎಂಬುದಾಗಿತ್ತು. ವಲಸೆ ಕಾಯ್ದೆಯ 27ನೇ ಕಲಮಿನಲ್ಲಿ ಮೊಕದ್ದಮೆಗೆ ಪೂರ್ವಾನುಮತಿಯ ಷರತ್ತು ಇರುವುದು ನಿಜ. ಆದರೆ ವಂಚನೆಗೊಳಗಾದವನು ತಾನೇ ದೂರು ಕೊಟ್ಟರೆ, ಅಥವಾ ಅವನ ಪರವಾಗಿ ತಂದೆ, ತಾಯಿ, ಪತಿ, ಪತ್ನಿ, ಮಕ್ಕಳು, ಒಡಹುಟ್ಟಿದವರಂಥ ಹತ್ತಿರದವರು ಕೊಟ್ಟರೆ ಆ ಅನುಮತಿ ಬೇಕಿಲ್ಲವೆಂದು ಅದೇ ಕಲಮು ಹೇಳುತ್ತದೆ. ಅದರ ಮುದ್ರಿತ ಪ್ರತಿಯನ್ನು ಮೇಜಿನ ಮೇಲಿಟ್ಟ ನಂತರವೇ ಅಕ್ಕನ ದೂರು ದಾಖಲಾಯಿತು. ಜೊತೆಗೆ ವಂಚನೆಗೆ ಸಂಬಂಧಿಸಿದ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮನ್ನೂ ಸೇರಿಸಬೇಕೆಂದು ಕೇಳಿಕೊಂಡೆವು. ಅದಕ್ಕೆ ಕಾರಣವಿದೆ. ವಲಸೆ ಕಾಯ್ದೆಯ 24ನೇ ಕಲಮಿನಡಿ ಮೊದಲ ಅಪರಾಧಕ್ಕೆ ಎರಡು ವರ್ಷದವರೆಗೆ ಸೆರೆವಾಸವಿದ್ದರೂ ದಂಡದ ಗರಿಷ್ಠ ಮಿತಿ ಕೇವಲ 2,000 ರೂಪಾಯಿ. 1983ರಲ್ಲಿ ಬರೆದ ಈ ಮೊತ್ತಕ್ಕೆ ಇಂದು ಯಾವ ವಂಚಕ ಹೆದರುತ್ತಾನೆ?

ಶುಲ್ಕದ ಮಿತಿಯ ಬಗೆಗೂ ನನ್ನದೊಂದು ಸ್ಪಷ್ಟ ಅಭಿಪ್ರಾಯವಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆಯ 7ನೇ ವಿಧಿಯು, ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲವು ಸೀಮಿತ ವಿನಾಯಿತಿಗಳನ್ನು ಬಿಟ್ಟರೆ ಕಾರ್ಮಿಕರಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಯಾವ ಶುಲ್ಕವನ್ನೂ ಪಡೆಯಬಾರದೆಂದು ಹೇಳುತ್ತದೆ. ಭಾರತ ಇದನ್ನು ಅನುಮೋದಿಸಿಲ್ಲ. ಕೆಲಸಗಾರ ಬೇಕಾಗಿರುವುದು ಮಾಲೀಕನಿಗೆ. ಹುಡುಕಿಕೊಟ್ಟವನಿಗೆ ಹಣ ಕೊಡಬೇಕಾದವನೂ ಅವನೇ. ಶುಲ್ಕವೇ ಇಲ್ಲವೆಂದು ಕಾನೂನು ಹೇಳಿದರೆ ‘ಎಷ್ಟು ಸರಿ, ಎಷ್ಟು ಹೆಚ್ಚು’ ಎಂಬ ಲೆಕ್ಕಾಚಾರದ ಗೊಂದಲ ಉಳಿಯುವುದಿಲ್ಲ. ಹಣ ಕೇಳಿದ ಕ್ಷಣವೇ ಅದು ತಪ್ಪೆಂದು ಓದು ಬರಹ ಬಾರದವರಿಗೂ ಗೊತ್ತಾಗುತ್ತದೆ.

ಕಾಯ್ದೆಯ ತಿದ್ದುಪಡಿ ಸಂಸತ್ತಿನ ಕೆಲಸ, ಅದಕ್ಕೆ ಸಮಯ ಹಿಡಿಯುತ್ತದೆ. ಆದರೆ ನೋಂದಾಯಿತ ಏಜೆಂಟರು ತಮ್ಮ ಸಂಖ್ಯೆಯನ್ನು ಕಚೇರಿಯಲ್ಲೂ ಜಾಹೀರಾತಿನಲ್ಲೂ ಎದ್ದು ಕಾಣುವಂತೆ ತೋರಿಸಬೇಕೆಂದು ಸಚಿವಾಲಯ ಈಗಾಗಲೇ ಹೇಳಿದೆ. ಹೀಗಿರುವಾಗ ಕೇವಲ ಮೊಬೈಲ್ ಸಂಖ್ಯೆ ಇರುವ ವಿದೇಶಿ ಉದ್ಯೋಗದ ಜಾಹೀರಾತುಗಳನ್ನು ತಮ್ಮ ಪತ್ರಿಕೆ ಸ್ವೀಕರಿಸಬಾರದೆಂದು ವಿನಂತಿಸುತ್ತೇನೆ. ಜಾಹೀರಾತು ವಿಭಾಗದ ಸಿಬ್ಬಂದಿ ಆ ಸಂಖ್ಯೆ ಮತ್ತು ವಿಳಾಸವನ್ನು ಸರ್ಕಾರಿ ಪಟ್ಟಿಯೊಂದಿಗೆ ಹೋಲಿಸಿ ನೋಡಲು ಐದು ನಿಮಿಷ ಸಾಕು. ನಮ್ಮ ಹುಡುಗ ಜಾಹೀರಾತನ್ನು ನಂಬಿದ್ದಕ್ಕೆ ಕೊಟ್ಟ ಕಾರಣ ಒಂದೇ: ‘ಮಾಮ, ಪೇಪರ್‌ನಲ್ಲಿ ಬಂದಿತ್ತಲ್ಲ.’

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ