ಭಾನುವಾರ ಕ್ವಾರಿ ಗುಡ್ಡೆಯಲ್ಲಿ ಗುಂಡಿ ಕೆಲಸ

ಎಲ್ಲರಿಗೂ ನಮಸ್ಕಾರ. ಹಳೇ ಗ್ರಾನೈಟ್ ಕ್ವಾರಿಯ ಕಲ್ಲುಗುಡ್ಡೆ ಮೇಲೆ ಭಾನುವಾರ ಬೆಳಿಗ್ಗೆ 7ಕ್ಕೆ ಸಸಿ ನೆಡಲು ಗುಂಡಿ ತೆಗೆಯೋಣ. ಅಂಚಿನ ಸಡಿಲ ಕಲ್ಲುಗಳ ಹತ್ತಿರ ಯಾರೂ ಹೋಗಬೇಡಿ.

ಗುಂಡಿ ಎರಡಡಿ ಉದ್ದ, ಅಗಲ, ಆಳ ಇರಲಿ. ಮೊದಲು ಒಂದೊಂದು ಕೊಡ ನೀರು ಸುರಿದು ನೋಡಿ. ಮಾರನೇ ದಿನವೂ ನಿಂತಿದ್ದರೆ ತಳವನ್ನು ಹಾರೆಯಿಂದ ಸಡಿಲಿಸಬೇಕು, ಇಲ್ಲವಾದರೆ ಬೇರು ಕೊಳೆಯುತ್ತದೆ. ತಕ್ಷಣ ಸೋರಿಹೋದರೆ ಸಂದುಗಳಿಗೆ ಹೂಳು ಮೆತ್ತಿ.

ಅಲ್ಲಿ ಮೇಲ್ಮಣ್ಣೇ ಇಲ್ಲ ಅಲ್ವಾ, ಅದಕ್ಕೆ ಎರಡು ಪಾಲು ಕೆರೆ ಹೂಳು, ಒಂದು ಪಾಲು ಕಲ್ಲುಪುಡಿ, ಒಂದು ಪಾಲು ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬುತ್ತೇವೆ. ಬರೀ ಹೂಳು ಹಾಕಿದರೆ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಗೊಬ್ಬರದ ರಾಶಿಯೊಳಗೆ ಕೈಯಿಟ್ಟಾಗ ಬಿಸಿ ಇದ್ದರೆ ಅದಿನ್ನೂ ಕಳಿತಿಲ್ಲ, ತರಬೇಡಿ.

ಹೊಂಗೆ, ಬೇವು, ಸೀತಾಫಲ ಮಾತ್ರ ನೆಡೋಣ. ಸಸಿ ಹಾಕುವುದು ಎರಡು ಮೂರು ಒಳ್ಳೆ ಮಳೆ ಬಿದ್ದ ಮೇಲೆ.

ಯಾರು ಬರುತ್ತೀರಿ, ಹಾರೆ, ಟ್ರ್ಯಾಕ್ಟರ್ ಯಾರ ಹತ್ತಿರ ಸಿಗುತ್ತದೆ, ಶುಕ್ರವಾರದೊಳಗೆ ಇಲ್ಲೇ ತಿಳಿಸಿ.