ಶಿವಲೀಲಾಳಿಗೆ: ಚರ್ಚಿನ ಮದುವೆ, ಮನೆಯ ಶಾಸ್ತ್ರ

ಬಳ್ಳಾರಿ

ಚಿ. ಶಿವಲೀಲಾಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಹುಡುಗ ಕ್ಯಾಥೋಲಿಕ್, ನಾವು ಲಿಂಗಾಯತರು. ಮತ ಬಿಡದೆ ಮದುವೆ ಆಗುತ್ತದೇನು ಅಂತ ನಿಮ್ಮಪ್ಪ ಕೇಳಿದ್ದಾರೆ. ಆಗುತ್ತದೆ. ಆದರೆ ಬೆಳಿಗ್ಗೆ ಇಲ್ಲಿ ಚರ್ಚಿನಲ್ಲಿ ಒಮ್ಮೆ, ಮರುದಿನ ಗಂಗಾವತಿಯಲ್ಲಿ ಜಂಗಮರ ಮುಂದೆ ಇನ್ನೊಮ್ಮೆ ಅನ್ನುವ ಅವರ ಲೆಕ್ಕ ನಡೆಯುವುದಿಲ್ಲ.

ದೀಕ್ಷಾಸ್ನಾನ ಆಗದವರನ್ನು ಮದುವೆಯಾಗಲು ಕ್ಯಾಥೋಲಿಕರಿಗೆ ಬಿಷಪ್ಪರ ವಿನಾಯಿತಿ ಬೇಕು. ಅದಿಲ್ಲದಿದ್ದರೆ ಚರ್ಚಿನಲ್ಲೇ ಉಂಗುರ ಬದಲಾದರೂ ಅವರ ಧರ್ಮನಿಯಮದ ಪ್ರಕಾರ ಅದು ಮದುವೆಯಲ್ಲ. ಅರ್ಜಿ ಹೋಗುವುದು ಅವನ ಚರ್ಚಿನ ಫಾದರ್ ಮೂಲಕ. ಆಗ ಅವನು ತನ್ನ ನಂಬಿಕೆ ಬಿಡುವುದಿಲ್ಲ, ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಲು ಕೈಲಾದದ್ದೆಲ್ಲ ಮಾಡುತ್ತೇನೆ ಅಂತ ಮಾತು ಕೊಡಬೇಕು. ನೀನು ಏನೂ ಮಾತು ಕೊಡಬೇಕಿಲ್ಲ. ಅವನು ಹೀಗೆ ಮಾತು ಕೊಟ್ಟದ್ದು ನಿನಗೆ ಗೊತ್ತಿರಬೇಕು, ಅಷ್ಟೆ. ಲಗ್ನದ ವಾರದಲ್ಲಿ ಈ ವಿಷಯ ಬಯಲಾದರೆ, ಹುಡುಗಿಯನ್ನೇ ಮತಾಂತರ ಮಾಡುತ್ತಿದ್ದಾರೆ ಅಂತ ಬೀಗರ ನಡುವೆ ಜಗಳ ಹತ್ತುತ್ತದೆ. ಮಕ್ಕಳ ಮಾತನ್ನು ನಿಶ್ಚಿತಾರ್ಥಕ್ಕೆ ಮುಂಚೆಯೇ ನೀವಿಬ್ಬರೂ ಕೂತು ಆಡಿಬಿಡಿ.

ಅವರ ನಿಯಮದಲ್ಲಿ ಇನ್ನೊಂದು ಕಟ್ಟೂ ಇದೆ: ಚರ್ಚಿನ ಮದುವೆಯ ಹಿಂದೆಯಾಗಲಿ ಮುಂದೆಯಾಗಲಿ, ಗಂಡು ಹೆಣ್ಣು ಮತ್ತೆ ಒಪ್ಪಿಗೆ ಕೊಡುವ ಬೇರೆ ಧಾರ್ಮಿಕ ವಿಧಿ ಕೂಡದು. ಎರಡನೇ ತಾಳಿ ಬೇಡ ಅನ್ನುವುದು ಇದಕ್ಕೇ. ತಾಳಿಯನ್ನು ಚರ್ಚಿನಲ್ಲೇ ಕಟ್ಟಿಸಬಹುದು. ನಮ್ಮ ಕಡೆ ಕ್ಯಾಥೋಲಿಕರು ಮಾಂಗಲ್ಯಕ್ಕೆ ಫಾದರ್ ಆಶೀರ್ವಾದ ಪಡೆದು ಅಲ್ಲೇ ಕಟ್ಟುವ ರೂಢಿ ಇದೆ. ಅರಿಶಿಣ, ಸುರಗಿ ಹಿಂದಿನ ದಿನ ನಿಮ್ಮ ಮನೆಯಲ್ಲಾಗಲಿ; ಅವು ಒಪ್ಪಿಗೆಯ ವಿಧಿಗಳಲ್ಲ. ಮದುವೆಯಾದ ಮೇಲೆ ಹಿರಿಯರು ಅಕ್ಕಿಕಾಳು ಹಾಕಿ ಹರಸಲಿ, ಸ್ವಾಮಿಗಳೂ ಬಂದು ಹರಸಲಿ. ಏನೇನು ಮಾಡುತ್ತೀರಿ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಫಾದರ್‌ಗೆ ಮೊದಲೇ ತೋರಿಸಿ. ಚರ್ಚಿನಲ್ಲಿ ನಿಮ್ಮ ಕಡೆಯವರಿಗೆ ಪರಮಪ್ರಸಾದ ಕೊಡುವುದಿಲ್ಲ. ಅತ್ತೆಗೆ ಮುಂಚಿತವಾಗಿ ಹೇಳಿಡು, ಅವಮಾನ ಅಂದುಕೊಂಡಾರು.

ಸರ್ಕಾರದ ಕಾನೂನೂ ನೋಡು. 1955ರ ಹಿಂದೂ ವಿವಾಹ ಕಾಯ್ದೆಗೆ ಇಬ್ಬರೂ ಹಿಂದೂಗಳಾಗಿರಬೇಕು, ಆದ್ದರಿಂದ ಗುಡಿಯಲ್ಲಿ ಮಾತ್ರ ಲಗ್ನವಾದರೆ ಅದು ಊರ್ಜಿತವಲ್ಲ. ಒಬ್ಬರು ಕ್ರೈಸ್ತರಾಗಿದ್ದರೆ ಸಾಕು, 1872ರ ಕ್ರೈಸ್ತ ವಿವಾಹ ಕಾಯ್ದೆಯಡಿ ಚರ್ಚಿನ ಮದುವೆ ನಡೆಯುತ್ತದೆ.

ನಿನ್ನ ಗೆಳತಿಯದು ಹಿಂದೂ-ಮುಸ್ಲಿಂ ಮದುವೆ, ಅದರ ವಿಷಯ ಬೇರೆ. ಸುನ್ನಿ ಶಾಸ್ತ್ರದ ಪ್ರಕಾರ ಮುಸ್ಲಿಂ ಗಂಡಸು ಕ್ರೈಸ್ತ, ಯಹೂದಿ ಹೆಣ್ಣನ್ನು ವರಿಸಬಹುದು. ಹಿಂದೂ ಹೆಣ್ಣಿಗೆ ಆ ಅವಕಾಶ ಇಲ್ಲ. ಮುಸ್ಲಿಂ ಹೆಣ್ಣಿಗೆ ಮುಸ್ಲಿಂ ಗಂಡೇ ಆಗಬೇಕು. ಮತ ಬದಲಿಸದೆ ಅವರು ಮದುವೆಯಾಗಬೇಕೆಂದರೆ 1954ರ ವಿಶೇಷ ವಿವಾಹ ಕಾಯ್ದೆಯೇ ದಾರಿ. ಇಬ್ಬರಲ್ಲಿ ಒಬ್ಬರಾದರೂ 30 ದಿನ ವಾಸವಿದ್ದ ಜಿಲ್ಲೆಯಲ್ಲಿ ನೋಟಿಸ್ ಕೊಡಬೇಕು, ತಕರಾರಿಗೆ 30 ದಿನ ಕಾಯಬೇಕು, ಮೂರು ಜನ ಸಾಕ್ಷಿ ಬೇಕು. ಏಪ್ರಿಲ್ 1ಕ್ಕೆ ನೋಟಿಸ್ ಕೊಟ್ಟರೆ ಮೇ ತಿಂಗಳಿಂದ ಜೂನ್ ಕೊನೆಯೊಳಗೆ ಮುಗಿಸಬೇಕು. ಮೂರು ತಿಂಗಳು ದಾಟಿದರೆ ಮತ್ತೆ ಮೊದಲಿನಿಂದ.

ಬಿಷಪ್ಪರ ವಿನಾಯಿತಿ ಕೈಗೆ ಬರುವ ತನಕ ಮಂಟಪಕ್ಕೆ ಮುಂಗಡ ಕೊಡಬೇಡಿರೆಂದು ಅಪ್ಪನಿಗೆ ಹೇಳು. ಹುಡುಗನನ್ನು ಈ ಭಾನುವಾರವೇ ಫಾದರ್ ಹತ್ತಿರ ಕಳಿಸು.

ನಿನ್ನ ಸೋದರಮಾವ